69 ಡಿಗ್ರಿ ಓರೆಯ ರಸ್ತೆ

ನಿನ್ನೆ ರಾತ್ರಿ ಹನ್ನೊಂದರವರೆಗೆ ಫಸ್ಟ್ ಪಿಯುಸಿ ಟೆಸ್ಟಿನ ಪೇಪರ್ ತಿದ್ದುತ್ತಾ ಕೂತಿದ್ದೆ. ಒಂದೇ ಒಂದು ಲೆಕ್ಕ ನನ್ನ ನಿದ್ದೆ ಕೆಡಿಸಿತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಇಷ್ಟೇ. ತಿರುವಿನ ತ್ರಿಜ್ಯ 50 ಮೀಟರ್. ಬಸ್ಸಿನ ವೇಗ ಗಂಟೆಗೆ 36 ಕಿಲೋಮೀಟರ್. ಟೈರಿನ ಘರ್ಷಣೆಯನ್ನು ನೆಚ್ಚಿಕೊಳ್ಳದೆ ಬಸ್ಸು ತಿರುಗಬೇಕಾದರೆ ರಸ್ತೆಯ ಹೊರ ಅಂಚನ್ನು ಎಷ್ಟು ಡಿಗ್ರಿ ಎತ್ತರಿಸಬೇಕು? ಸೂತ್ರ ಎಲ್ಲರಿಗೂ ಬಾಯಿಪಾಠ, tanθ = v²/rg. ಹದಿನೇಳು ಮಕ್ಕಳು 69 ಡಿಗ್ರಿ ಅಂತ ಬರೆದಿದ್ದಾರೆ. ಕೆಲವರು ಅದಕ್ಕೆ ಚೌಕ ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದಾರೆ.

69 ಡಿಗ್ರಿ ಅಂದರೆ ಏನು ಗೊತ್ತಾ? ಮನೆ ಗೋಡೆಗೆ ಏಣಿ ಒರಗಿಸಿದರೆ ಹೆಚ್ಚು ಕಡಿಮೆ ಅಷ್ಟು ಓರೆ ಇರುತ್ತದೆ. ಏಣಿ ಮೇಲೆ ಬಸ್ಸು ಓಡಿಸುತ್ತಾರಾ?

ಅವರಲ್ಲಿ ಒಬ್ಬಳು ದಿನಾ ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬಸ್ಸಿನಲ್ಲೇ ಬರುವ ಹುಡುಗಿ. ಬೆಳಿಗ್ಗೆ ಕರೆದು ಕೇಳಿದೆ, "ಅಲ್ಲಮ್ಮಾ, ನೀನು ಬರೋ ದಾರೀಲಿ ಎಲ್ಲಾದ್ರೂ ರಸ್ತೆ ಇಷ್ಟು ಓರೆ ಇದೆಯಾ?" ಅವಳು ತಲೆ ತಗ್ಗಿಸಿ, "ಇಲ್ಲ ಮೇಡಂ, ಆದ್ರೆ ಟೇಬಲ್‌ನಲ್ಲಿ ನೋಡಿದ್ರೆ ಅಷ್ಟೇ ಬಂತು" ಅಂದಳು. ಟೇಬಲ್ ಹೇಳಿದ್ದು ನಿಜ, ದಿನಾ ಕಣ್ಣು ನೋಡುವುದು ಸುಳ್ಳು! ನನಗೆ ನೋವಾಗಿದ್ದು ತಪ್ಪಿಗಲ್ಲ, ಆ ಮಾತಿಗೆ.

ತಪ್ಪು ಎಲ್ಲಿ ಅಂತ ನಿಮಗೆ ಗೊತ್ತಾಗಿರುತ್ತದೆ. 36 ಅನ್ನು ಸೆಕೆಂಡಿಗೆ 10 ಮೀಟರ್ ಅಂತ ಬದಲಾಯಿಸದೆ ಹಾಗೇ ವರ್ಗ ಮಾಡಿದ್ದಾರೆ. g ಅನ್ನು 10 ಅಂತ ಹಿಡಿದರೆ rg 500. 1296 ಅನ್ನು 500 ರಿಂದ ಭಾಗಿಸಿದರೆ 2.59. ಅದರ ಕೋನ 69 ಡಿಗ್ರಿ. ಸರಿಯಾದ ಲೆಕ್ಕ 100 ಅನ್ನು 500 ರಿಂದ ಭಾಗಿಸಿ 0.2, ಅಂದರೆ ಸುಮಾರು 11 ಡಿಗ್ರಿ.

ಇದನ್ನು ಹಿಡಿಯಲು ಲೆಕ್ಕವನ್ನು ಮತ್ತೆ ಮಾಡಬೇಕಾಗಿಯೇ ಇಲ್ಲ. v²/r ಅಂದರೆ ತಿರುವಿನಲ್ಲಿ ಬಸ್ಸಿಗೆ ಬೇಕಾದ ವೇಗೋತ್ಕರ್ಷ, g ಅಂದರೆ ಭೂಮಿ ಎಳೆಯುವುದು. tanθ ಅಂದರೆ ಅವೆರಡರ ಹೋಲಿಕೆ, ಬೇರೇನೂ ಅಲ್ಲ. 2.59 ಬಂತು ಅಂದರೆ ನಮ್ಮ ಬಸ್ಸು ತಿರುವಿನಲ್ಲಿ ನಮ್ಮನ್ನು ಭೂಮಿ ಎಳೆಯುವುದಕ್ಕಿಂತ ಎರಡೂವರೆ ಪಟ್ಟು ಜೋರಾಗಿ ಪಕ್ಕಕ್ಕೆ ತಳ್ಳುತ್ತದೆ ಅಂತ ಅರ್ಥ. ಹಾಗೆ ಆದರೆ ಕಂಬಿ ಹಿಡಿದು ನಿಂತವರು ಒಬ್ಬರೂ ನಿಲ್ಲಲ್ಲ. ನಿಜವಾಗಿ ಆಗುವುದು ಸ್ವಲ್ಪ ವಾಲುವುದು, ಪಕ್ಕದವರ ಭುಜ ತಾಗುವುದು. ಅಂದರೆ tanθ ಒಂದಕ್ಕಿಂತ ಸಾಕಷ್ಟು ಕಡಿಮೆ ಇರಲೇಬೇಕು. ಇಷ್ಟು ಯೋಚಿಸಲು ಅರ್ಧ ನಿಮಿಷ ಸಾಕು.

ನಮ್ಮಪ್ಪ ಬಸ್ ಡ್ರೈವರ್ ಆಗಿದ್ದು ನಿಮಗೆಲ್ಲ ಗೊತ್ತು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಓಡಿಸಿದವರು. ಅವರಿಗೆ tanθ ಗೊತ್ತಿರಲಿಲ್ಲ. ಆದರೆ 69 ಡಿಗ್ರಿ ಅಂದಿದ್ದರೆ ಕಾಗದವನ್ನು ಹಾಗೇ ವಾಪಸ್ ಕೊಡುತ್ತಿದ್ದರು.

ಇನ್ನೊಂದು ಗುಟ್ಟು ಮಕ್ಕಳಿಗೆ ಹೇಳಿಕೊಡಬೇಕು. 3.6 ರ ವರ್ಗ ಸುಮಾರು 13. ವೇಗದ ವರ್ಗ ಇರುವ ಲೆಕ್ಕದಲ್ಲಿ ಉತ್ತರ ಹತ್ತು ಹದಿನೈದು ಪಟ್ಟು ಎತ್ತಲೋ ಹೋಗಿದ್ದರೆ ಮೊದಲು ಗಂಟೆ ಕಿಲೋಮೀಟರಿನ ಮೇಲೇ ಅನುಮಾನ ಪಡಬೇಕು. 2.59 ಅನ್ನು 13 ರಿಂದ ಭಾಗಿಸಿ ನೋಡಿ, 0.2 ಎದುರಿಗೇ ಬಂದು ನಿಲ್ಲುತ್ತದೆ.

11 ಡಿಗ್ರಿ ಕೂಡ ನಿಜವಾದ ರಸ್ತೆಗೆ ಜಾಸ್ತಿಯೇ. ಹಿಮ ಬೀಳದ ಗುಡ್ಡಗಾಡು ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಾಕಿರುವ ಮಿತಿ 10 ಮೀಟರಿಗೆ 1 ಮೀಟರ್ ಎತ್ತರ, ಅಂದರೆ ಆರು ಡಿಗ್ರಿಗಿಂತಲೂ ಕಡಿಮೆ. ಉಳಿದದ್ದನ್ನು ಟೈರಿನ ಘರ್ಷಣೆ ಹೊರುತ್ತದೆ. ವಿನ್ಯಾಸದಲ್ಲಿ ಅದಕ್ಕೆ 0.15 ಇಟ್ಟುಕೊಳ್ಳುತ್ತಾರೆ. 0.10 ಕ್ಕೆ 0.15 ಸೇರಿಸಿದರೆ 0.25. ನಮಗೆ ಬೇಕಿದ್ದದ್ದು 0.2. ಸರಿಹೋಯಿತಲ್ವಾ?

ಸ್ಟಾಫ್ ರೂಮಿನಲ್ಲಿ ಹೇಳಿದರೆ ಒಬ್ಬ ಸಹೋದ್ಯೋಗಿ, "ಪರೀಕ್ಷೇಲಿ ಇದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ, ಸ್ಟೆಪ್ ಸರಿ ಇದ್ರೆ ಮಾರ್ಕ್ಸ್ ಬರುತ್ತೆ" ಅಂದರು. ಟೈಮ್ ಇಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದು ಹಾಕಲು ಇದಕ್ಕಿಂತ ಬೇಗದ ದಾರಿ ಯಾವುದಿದೆ? ಆದರೆ ಮಾರ್ಕ್ಸ್ ವಿಷಯ ಅವರು ಹೇಳಿದ್ದು ನಿಜ. ಕಳೆದ ವರ್ಷ ಇದೇ ಥರದ ಉತ್ತರಕ್ಕೆ ನಾನೇ ಐದಕ್ಕೆ ನಾಲ್ಕು ಕೊಟ್ಟಿದ್ದೇನೆ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಕೂಡ ಹಾಕಲಿಲ್ಲ. ಇವತ್ತು ಆ ಮಕ್ಕಳನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹಾಗಂತ ಅಂದಾಜು ಎಲ್ಲವನ್ನೂ ಹಿಡಿಯಲ್ಲ. 11 ರ ಬದಲು 14 ಬರೆದರೆ ಅಂದಾಜಿಗೆ ಗೊತ್ತಾಗಲ್ಲ. ಉತ್ತರ ಸಂಖ್ಯೆಯಲ್ಲದೆ ಸೂತ್ರವಾಗಿದ್ದರೆ ಬೇರೆ ಉಪಾಯ ಬೇಕು, ಕೊನೆಯ ಅಂಚಿನವರೆಗೆ ಎಳೆದು ನೋಡುವುದು. ಅದೇ ಪೇಪರಿನಲ್ಲಿ ಮುಂದಿನ ಪ್ರಶ್ನೆ, ಘರ್ಷಣೆಯೂ ಇದ್ದರೆ ಜಾರದೆ ಹೋಗಬಹುದಾದ ಅತಿ ಹೆಚ್ಚು ವೇಗ ಎಷ್ಟು. ಸರಿಯಾದ ಉತ್ತರ v² = rg(μ + tanθ)/(1 − μ tanθ). ತುಂಬಾ ಮಕ್ಕಳು ಕೆಳಗೆ 1 + μ tanθ ಅಂತ ಬರೆದಿದ್ದಾರೆ.

ಇಲ್ಲಿ ಎಚ್ಚರ ಬೇಕು. ಎಲ್ಲರೂ ಮೊದಲು ನೋಡುವುದು ಎರಡು ಅಂಚು. ರಸ್ತೆ ಚಪ್ಪಟೆ ಇದ್ದರೆ tanθ ಸೊನ್ನೆ, ಆಗ v² = μrg. ಘರ್ಷಣೆ ಇಲ್ಲದಿದ್ದರೆ μ ಸೊನ್ನೆ, ಆಗ v² = rg tanθ. ಎರಡೂ ಸರಿ. ಆದರೆ ತಪ್ಪು ಸೂತ್ರವೂ ಈ ಎರಡನ್ನೂ ಪಾಸು ಮಾಡುತ್ತದೆ! ಯಾಕೆಂದರೆ ಎರಡು ಕಡೆಯೂ μ tanθ ಅನ್ನುವುದೇ ಮಾಯವಾಗುತ್ತದೆ. ತಪ್ಪಿರುವುದು ಅದರ ಚಿಹ್ನೆಯಲ್ಲಿ. ಅದು ಉಳಿಯುವಂಥ ಜಾಗಕ್ಕೆ ಹೋಗಿ ಪರೀಕ್ಷಿಸಬೇಕು. 45 ಡಿಗ್ರಿ ಹಾಕಿ. tanθ ಒಂದು. ತಪ್ಪು ಸೂತ್ರದಲ್ಲಿ ಮೇಲೆ μ + 1, ಕೆಳಗೆ 1 + μ, ಉಳಿಯುವುದು v² = rg. ಅಂದರೆ ಟೈರು ಹೊಸದಿರಲಿ, ಸವೆದಿರಲಿ, ಒಣ ರಸ್ತೆಯಿರಲಿ, ಆಷಾಢದ ಮಳೆಯಿರಲಿ, ವೇಗದ ಮಿತಿ ಒಂದೇ! ಮಲೆನಾಡಿನಲ್ಲಿ ಮಳೆಗಾಲ ಕಂಡವರು ಇದನ್ನು ನಂಬುತ್ತಾರಾ? ಸರಿಯಾದ ಸೂತ್ರದಲ್ಲಿ ಘರ್ಷಣೆ ಹೆಚ್ಚಿದಷ್ಟೂ ಮಿತಿ ಮೇಲೇರುತ್ತದೆ.

ಇವತ್ತು ಕೊನೇ ಪಿರಿಯಡ್‌ನಲ್ಲಿ ಇಷ್ಟನ್ನೂ ಬೋರ್ಡಿನ ಮೇಲೆ ಮಾಡಿದೆ. ಬೆಲ್ ಆದ ಮೇಲೆ ಆ ಸಕಲೇಶಪುರದ ಹುಡುಗಿ ನೋಟ್ಸ್ ಹಿಡಿದು ಬಂದಳು. "ಮೇಡಂ, 1 + μ tanθ ನಾನು ಸುಮ್ನೆ ಬರೆದಿದ್ದಲ್ಲ, ಅದು ಕಡಿಮೆ ವೇಗದ ಸೂತ್ರದಲ್ಲಿ ಬರುತ್ತೆ" ಅಂದಳು. ಹೌದು, ಒಳಗಡೆಗೆ ಜಾರದಿರಲು ಬೇಕಾದ ಕನಿಷ್ಠ ವೇಗಕ್ಕೆ v² = rg(tanθ − μ)/(1 + μ tanθ). ಎರಡನ್ನೂ ಬೆರೆಸಿಬಿಟ್ಟಿದ್ದಳು. ಹಾಗಾದರೆ ಇದು ಸರಿಯೋ ತಪ್ಪೋ ಹೇಗೆ ನೋಡ್ತೀಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ ನಿಂತಿದೆ ಅನ್ಕೊಂಡ್ರೆ ಮೇಡಂ?" ಅಂದಳು. ವೇಗ ಸೊನ್ನೆ ಹಾಕಿದಳು. tanθ = μ ಬಂತು. "ಓರೆ ಇದಕ್ಕಿಂತ ಜಾಸ್ತಿ ಆದ್ರೆ ನಿಂತ ಬಸ್ಸೂ ಜಾರುತ್ತೆ, ಸರಿ ಇದೆ ಮೇಡಂ" ಅಂದಳು. ಆಮೇಲೆ ಬಸ್ ತಪ್ಪುತ್ತದೆ ಅಂತ ಓಡಿದಳು.