ಅಮ್ಮನ ಎಡಗಿವಿ ಮತ್ತು ಸೀಲಿಂಗ್ ಫ್ಯಾನ್

ಕಿವಿ ಪರೀಕ್ಷಿಸುವ ಮೊಬೈಲ್ ಆ್ಯಪ್ ನಂಬಬಹುದೇ ಎಂದು ಯಾರಾದರೂ ಕೇಳಿದರೆ, ಫ್ಯಾನ್ ನಿಲ್ಲಿಸಿದ್ದಿರಾ ಎಂದು ನಾನು ಮೊದಲು ಕೇಳುತ್ತೇನೆ.

ಅಮ್ಮ ಈಚೆಗೆ ಫೋನನ್ನು ಎಡಗಿವಿಯಿಂದ ಬಲಗಿವಿಗೆ ದಾಟಿಸಿಕೊಂಡು ಮಾತನಾಡುತ್ತಿದ್ದರು. ಇಯರ್‌ಫೋನ್ ಹಾಕಿಸಿ ಆ್ಯಪ್‌ನಲ್ಲಿ ನೋಡಿದೆ. 500 ಹರ್ಟ್ಸ್‌ನ ದಪ್ಪ ಸ್ವರ ಎಡಗಿವಿಗೆ 40 ಡೆಸಿಬೆಲ್‌ನಲ್ಲಿ, ಬಲಗಿವಿಗೆ 35ರಲ್ಲಿ ಕೇಳಿಸಿತು. ಈ ಅಂಕಿ ಕಡಿಮೆ ಇದ್ದಷ್ಟೂ ಕಿವಿ ಚುರುಕು. ಎರಡೂ ಹೆಚ್ಚುಕಡಿಮೆ ಒಂದೇ, ವಯಸ್ಸಾಯಿತು ಎಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನಿಶ್ಶಬ್ದದಲ್ಲಿ ಮತ್ತೆ ಪರೀಕ್ಷಿಸಿದರೆ ಬಲಗಿವಿ 20ಕ್ಕೆ ಇಳಿಯಿತು, ಎಡಗಿವಿ 40ರಲ್ಲೇ ನಿಂತಿತು. ಫ್ಯಾನಿನ ಗುಂಯ್ ಸದ್ದು ದಪ್ಪ ಸ್ವರಗಳನ್ನು ನುಂಗಿ, ಒಳ್ಳೆಯ ಕಿವಿಯನ್ನೂ ಮಂದವೆಂದು ತೋರಿಸಿತ್ತು.

ಇಯರ್‌ಫೋನೇ ಕೆಟ್ಟಿರಬಹುದಲ್ಲ? ಎಡ ಬಲ ಅದಲು ಬದಲು ಮಾಡಿ ಹಾಕಿಸಿದೆ. ತೊಂದರೆ ಇಯರ್‌ಫೋನಿನ ಜೊತೆ ಬಲಗಡೆಗೆ ಹೋಗಲಿಲ್ಲ, ಎಡಗಿವಿಯಲ್ಲೇ ಉಳಿಯಿತು. ಆ್ಯಪ್‌ನಿಂದ ತಿಳಿಯಬಹುದಾದದ್ದು ಇಷ್ಟೇ: ಎಡಗಿವಿಗೆ ಏನೋ ಆಗಿದೆ.

ಏನು ಆಗಿದೆ ಎಂದು ಹೇಳಲು ಅದಕ್ಕೆ ದಾರಿಯೇ ಇಲ್ಲ. ಇ.ಎನ್.ಟಿ. ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟ ಕೂಡಲೇ ಗಟ್ಟಿ ಗುಗ್ಗೆ ಕಂಡಿತು. ಆಡಿಯಾಲಜಿಸ್ಟ್ ಕಿವಿಯ ಹಿಂದಿನ ಮೂಳೆಗೆ ಕಂಪಿಸುವ ಪುಟ್ಟ ಉಪಕರಣ ಒತ್ತಿ, ಬಲಗಿವಿ ನಡುವೆ ಬಾರದಂತೆ ಅದಕ್ಕೆ ಬುಸ್ಸೆನ್ನುವ ಸದ್ದು ಕೇಳಿಸುತ್ತಾ ಎಡಗಿವಿಯನ್ನು ಪರೀಕ್ಷಿಸಿದರು. ಮೂಳೆಯ ಮೂಲಕ ಎಡಗಿವಿಗೆ 15ರಲ್ಲೇ ಕೇಳಿಸಿತು. ಅಂದರೆ ಒಳಗಿವಿ, ನರ ಚೆನ್ನಾಗಿದ್ದು ದಾರಿ ಮಾತ್ರ ಮುಚ್ಚಿತ್ತು. ಹನಿ ಹಾಕಿ, ಐದು ದಿನದ ನಂತರ ಗುಗ್ಗೆ ತೆಗೆಸಿದ ಮೇಲೆ ಅದೇ ಸ್ವರ 20ರಲ್ಲಿ ಕೇಳಿಸಿತು. "ಮಿಕ್ಸಿ ಇಷ್ಟು ಅರಚುತ್ತದೆಯೇ?" ಎಂದು ಅಮ್ಮ ಬೈದುಕೊಂಡರು. ಆ್ಯಪ್ ನಂಬಿ ಶ್ರವಣ ಸಾಧನ ಕೊಂಡಿದ್ದರೆ ಗುಗ್ಗೆಯ ಮೇಲೆ ಇನ್ನೊಂದು ಬಿರಡೆ ಹಾಕಿದಂತಾಗುತ್ತಿತ್ತು.

ಆ್ಯಪ್ ಬರೀ ಆಟಿಕೆ ಎನ್ನುತ್ತಿಲ್ಲ. 4000 ಹರ್ಟ್ಸ್‌ನ ಕೀರಲು ಸ್ವರದಲ್ಲಿ ಅಮ್ಮನ ಬಲಗಿವಿ 35 ಎಂದು ಅದು ತೋರಿಸಿದ್ದು ಕ್ಲಿನಿಕ್‌ನ ಅಂಕಿಗೂ ಹೊಂದಿತು. ಅದು ನಿಜಕ್ಕೂ ವಯಸ್ಸಿನದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ hearWHO ಬೇರೆ ಬಗೆಯದು, ಗದ್ದಲದ ನಡುವೆ ಅಂಕಿಗಳನ್ನು ಕೇಳಿಸಿ ಗುರುತಿಸಲು ಹೇಳುತ್ತದೆ. ಫೋನು, ಇಯರ್‌ಫೋನುಗಳ ವ್ಯತ್ಯಾಸ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಗುಗ್ಗೆ ಕಟ್ಟಿದವರು ವಾಲ್ಯೂಮ್ ಏರಿಸಿಕೊಂಡು ಅದರಲ್ಲಿ ಪಾಸಾಗಿಬಿಡಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಆ್ಯಪ್ ತೆರೆಯಲೇಬೇಡಿ. ಒಂದು ಕಿವಿ ಗಂಟೆಗಳಲ್ಲೋ ಎರಡು ಮೂರು ದಿನಗಳಲ್ಲೋ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ಇ.ಎನ್.ಟಿ. ವೈದ್ಯರ ಬಳಿ ಹೋಗಿ. ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ, ಅದರಲ್ಲೂ ಆದಷ್ಟು ಬೇಗ ಶುರುವಾಗಬೇಕು. ನನ್ನ ಸಹೋದ್ಯೋಗಿಯೊಬ್ಬರು ಶೀತದಿಂದ ಕಿವಿ ಕಟ್ಟಿದೆ ಎಂದುಕೊಂಡು ಮೂರು ವಾರ ದಿನವೂ ಆ್ಯಪ್‌ನಲ್ಲಿ ಅಳೆದು ಬರೆದಿಟ್ಟರು. ಡೈರಿಯ ತುಂಬ 60, 60, 60.