ಬರೀ ಒಂದು ಪರ್ಸೆಂಟ್ ಸಾರ್!

ಬೆಂಗಳೂರಿನಲ್ಲಿ ಈಗ ದೋಸೆ ಹಿಟ್ಟು ಮಾರಲು ಅಕ್ಕಿ, ಉದ್ದು, ಗ್ರೈಂಡರ್ ಇದ್ದರೆ ಸಾಲದು, ಹೂಡಿಕೆದಾರರಿಗೆ ತೋರಿಸಲು ಪ್ಲಾನ್ ಬೇಕು. ಅಂಥದೊಂದರ ಡ್ರಾಫ್ಟ್ ಹಿಡಿದು ಹುಡುಗರಿಬ್ಬರು ಬಂದಿದ್ದರು.

"ದೇಶದಲ್ಲಿ 140 ಕೋಟಿ ಜನ. ನಮಗೆ ಬರೀ ಒಂದು ಪರ್ಸೆಂಟ್ ಸಾಕು ಸಾರ್, 1.4 ಕೋಟಿ ಗಿರಾಕಿಗಳು!"

ಎಂಥ ವಿನಯ! ಉಳಿದ 99 ಪರ್ಸೆಂಟನ್ನು ಪರರಿಗೆ ಬಿಟ್ಟುಕೊಟ್ಟ ತ್ಯಾಗಿಗಳು. ಆ 140 ಕೋಟಿಯಲ್ಲಿ ನಿನ್ನೆ ಹುಟ್ಟಿದ ಕೂಸೂ ಇದೆ, ದಿನಾ ರೊಟ್ಟಿ ತಟ್ಟುವ ಮನೆಗಳೂ ಇವೆ, ಪ್ಯಾಕೆಟ್ ಹಿಟ್ಟು ಕಂಡರೆ ಮೂಗು ಮುರಿಯುವ ಅಜ್ಜಿಯರೂ ಇದ್ದಾರೆ. ನಾಲ್ಕು ದಿನ ಇಟ್ಟರೆ ಹುಳಿ ಹಿಡಿಯುವ ಹಿಟ್ಟು ಲಡಾಖ್ ತಲುಪುವುದು ಹೇಗೆಂದು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಇನ್ನು ಗ್ರಾಫು. ಈವರೆಗಿನ ಮಾರಾಟ ನೆಲಕ್ಕಂಟಿಕೊಂಡು ಮಲಗಿದೆ. ಹೂಡಿಕೆಯ ಹಣ ಬರುವ ಮರುತಿಂಗಳೇ ಹಾಕಿ ಕೋಲಿನಂತೆ ಬಾಗಿ, ನೆಟ್ಟಗೆ ಆಕಾಶಕ್ಕೆ! ಹೋದ ವರ್ಷದ ಡ್ರಾಫ್ಟನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲೂ ಇದೇ ಬಾಗು, ಇಸವಿ ಮಾತ್ರ ಒಂದು ವರ್ಷ ಹಿಂದಿನದು. ಬಾಗು ಕೂಡ ನಮ್ಮ ಮೇಲ್ಸೇತುವೆಗಳ ಹಾಗೆ, ಪ್ರತಿವರ್ಷ "ಮುಂದಿನ ವರ್ಷ ಪೂರ್ಣ".

ಗ್ರಾಫಿನ ಹಿಂದಿನ ಎಕ್ಸೆಲ್ ಹಾಳೆ ತೆರೆಸಿದೆ. ಇಂದಿನ ಗಿರಾಕಿಗಳು 300. ತಿಂಗಳಿಗೆ 20 ಪರ್ಸೆಂಟ್ ಬೆಳವಣಿಗೆ ಎಂದು ಒಂದು ಕೋಶದಲ್ಲಿ ಬರೆದು, ಬಲಕ್ಕೆ ಎಳೆದುಕೊಂಡು ಹೋಗಿದ್ದಾರೆ, ಅಷ್ಟೇ. 59ನೇ ತಿಂಗಳಿಗೆ 1.4 ಕೋಟಿ! ಇನ್ನೂ ಸ್ವಲ್ಪ ನಾನೇ ಎಳೆದೆ. 85ನೇ ತಿಂಗಳಿಗೆ ಗಿರಾಕಿಗಳು 161 ಕೋಟಿ. ದೇಶದ ಜನವೆಲ್ಲ ಮುಗಿದು, ನೆರೆಯ ದೇಶಗಳವರೂ ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು.

ಕೆಳಗಿನ ಸಾಲುಗಳಲ್ಲಿತ್ತು ಅಸಲು ತಮಾಷೆ. ಜಾಹೀರಾತಿನ ಖರ್ಚು ಐದೂ ವರ್ಷ ತಿಂಗಳಿಗೆ ಎರಡೇ ಲಕ್ಷ, ಒಂದಿಷ್ಟೂ ಅಲುಗಿಲ್ಲ. ಒಬ್ಬ ಹೊಸ ಗಿರಾಕಿಯನ್ನು ಕರೆತರಲು 300 ರೂಪಾಯಿ ಬೀಳುತ್ತದೆಂದು ಅವರೇ ಬರೆದಿದ್ದಾರೆ. ಅಂದರೆ ಎರಡು ಲಕ್ಷಕ್ಕೆ 666 ಮಂದಿ. 60ನೇ ತಿಂಗಳೊಂದರಲ್ಲೇ ಗ್ರಾಫಿಗೆ ಬೇಕಾದ ಹೊಸಬರು 28 ಲಕ್ಷ, ಅವರ ಖರ್ಚು 84 ಕೋಟಿ.

"ಒಬ್ಬರು ಇನ್ನೊಬ್ಬರಿಗೆ ಹೇಳ್ತಾರೆ ಸಾರ್, ಬಾಯಿಂದ ಬಾಯಿಗೆ ಹಬ್ಬುತ್ತೆ" ಎಂದ ಒಬ್ಬ.

"ಈಗಿನ 300 ಜನ ಹೋದ ತಿಂಗಳು ಎಷ್ಟು ಜನಕ್ಕೆ ಹೇಳಿದರು?"

ಮೌನ. ನಲವತ್ತು ಮಂದಿ ಕೊಳ್ಳುವುದನ್ನೇ ನಿಲ್ಲಿಸಿದ್ದರಂತೆ. ಬಿಟ್ಟುಹೋದವರಿಗೆ ಹಾಳೆಯಲ್ಲಿ ಸಾಲೇ ಇಲ್ಲ. ಒಮ್ಮೆ ನಮ್ಮ ದೋಸೆ ತಿಂದವರು ಆಜೀವ ಸದಸ್ಯರು!

"ಬೆಂಗಳೂರಿನ ಒಂದು ಬಡಾವಣೆ ಹಿಡಿಯಿರಿ. ಎಷ್ಟು ಅಂಗಡಿ, ಅಂಗಡಿಗೆ ದಿನಕ್ಕೆ ಎಷ್ಟು ಪ್ಯಾಕೆಟ್, ಎಷ್ಟು ಹುಳಿಯಾಗಿ ವಾಪಸ್ ಬರುತ್ತೆ, ಅಲ್ಲಿಂದ ಲೆಕ್ಕ ಕಟ್ಟಿ" ಎಂದೆ.

ಮರುವಾರ ಹೊಸ ಡ್ರಾಫ್ಟ್ ಬಂತು. ಬಡಾವಣೆ ಇರಲಿಲ್ಲ. ಒಂದು ಪರ್ಸೆಂಟ್ ಇದ್ದಲ್ಲಿ ಅರ್ಧ ಪರ್ಸೆಂಟ್ ಆಗಿತ್ತು.

"ನೀವು ಹೇಳಿದ್ದೇ ಸರಿ ಸಾರ್. ಗುರಿ ಅರ್ಧ ಮಾಡಿದ್ದಕ್ಕೆ ಮೂರು ತಿಂಗಳು ಮೊದಲೇ ಮುಟ್ತಾ ಇದೀವಿ!"