ನಮ್ಮ ಗುಂಪಿನ ಏಳನೆಯವಳು

ಹೋದ ವರ್ಷ ದೀಪಾವಳಿ ಆದ ಮೇಲೆ ಪಿಂಪಳೆ ಸೌದಾಗರದಲ್ಲಿ ಗೆಳತಿಯ ಮಗಳ ತೊಟ್ಟಿಲು ಶಾಸ್ತ್ರ ಇತ್ತು. ಧಾರವಾಡದ ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ನಾವು ಆರು ಜನ 2012ರಲ್ಲಿ ಇಂಜಿನಿಯರಿಂಗ್ ಮುಗಿಸಿ, ಒಬ್ಬರ ಹಿಂದೊಬ್ಬರು ಪುಣೆಗೆ ಬಂದವರು. ಇವತ್ತಿಗೂ ಒಬ್ಬರನ್ನೊಬ್ಬರು ಊರಿನ ಹೆಸರಿಂದಲೇ ಕರೆಯುತ್ತೇವೆ. ಅವತ್ತು ತೊಟ್ಟಿಲು ಶಿರಸಿಯವಳ ಮನೆಯಲ್ಲಿ. ಸೋಬಾನೆ ಹಾಡಿದೆವು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆವು, ಹೋಳಿಗೆ ಉಂಡೆವು. ಹೊರಡುವಾಗ ಅವಳ ಅತ್ತೆ ಉಡಿ ತುಂಬಿ, ಪ್ರೀತಿಯಿಂದಲೇ, "ಮುಂದಿನ ತೊಟ್ಟಿಲು ನಿಂದೇ ಆಗ್ಲಿ" ಅಂದರು. ನನಗೆ ಮೂವತ್ತೈದು, ಮದುವೆ ಆಗಿಲ್ಲ. ರಿಕ್ಷಾದಲ್ಲಿ ಔಂಧ್ ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮಗುವನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಗಿತ್ತು. ಹಾಗಾದರೆ ಅಳು ಯಾಕೆ ಬಂತು? ಅದು ತಿಳಿಯದೆ ಮಲಗಲು ಆಗಲಿಲ್ಲ. ಎದ್ದು, ಆಫೀಸಿನ ಡೈರಿಯ ಹಿಂದಿನ ಹಾಳೆಯಲ್ಲಿ ಆರೂ ಜನರ ಊರು ಬರೆದು, ಮುಂದೆ ನಾಲ್ಕು ಗೆರೆ ಎಳೆದೆ: ಮದುವೆ, ಮಗು, ಸ್ವಂತ ಮನೆ, ಮ್ಯಾನೇಜರ್ ಹುದ್ದೆ. ಗೊತ್ತಿದ್ದ ಇಸವಿಗಳನ್ನೆಲ್ಲ ತುಂಬಿದೆ.

ಎಲ್ಲರಿಗಿಂತ ಮೊದಲು ಮದುವೆಯಾದವಳು ಗದಗಿನವಳು, 2014ರಲ್ಲಿ. ಮೊದಲ ಮಗುವೂ ಅವಳದೇ, 2016ರಲ್ಲಿ. ಮೊದಲ ಫ್ಲ್ಯಾಟು ಬಾಗಲಕೋಟೆಯವಳದು, ವಾಕಡದಲ್ಲಿ, 2018ರಲ್ಲಿ. ಮೊದಲು ಮ್ಯಾನೇಜರ್ ಆದವಳು ಬೆಳಗಾವಿಯವಳು, 2019ರಲ್ಲಿ. ಬರೆದದ್ದನ್ನು ಮತ್ತೆ ಓದಿದಾಗ ಗೊತ್ತಾಯಿತು, ಇಷ್ಟು ವರ್ಷ ನಾನು ಪಕ್ಕದಲ್ಲಿ ನಿಂತು ಅಳತೆ ನೋಡಿಕೊಳ್ಳುತ್ತಿದ್ದದ್ದು ಈ ನಾಲ್ಕೂ ಇಸವಿಗಳನ್ನು ಒಬ್ಬಳೇ ಹೊತ್ತ ಹೆಣ್ಣಿನ ಜೊತೆ. ಇಪ್ಪತ್ತನಾಲ್ಕಕ್ಕೆ ಮದುವೆ, ಇಪ್ಪತ್ತಾರಕ್ಕೆ ತಾಯಿ, ಇಪ್ಪತ್ತೆಂಟಕ್ಕೆ ಸ್ವಂತ ಮನೆ, ಇಪ್ಪತ್ತೊಂಬತ್ತಕ್ಕೆ ಮ್ಯಾನೇಜರ್. ನಮ್ಮ ಆರು ಜನರಲ್ಲಿ ಅವಳು ಯಾರೂ ಅಲ್ಲ. ಅವಳು ಏಳನೆಯವಳು. ಆರು ಜನರಲ್ಲಿ ಯಾರು ಯಾವುದರಲ್ಲಿ ಮುಂದೆ ಹೋದರೋ ಅಷ್ಟಷ್ಟನ್ನೇ ಆರಿಸಿ ಹೊಲಿದು, ನಾನೇ ಕಟ್ಟಿಕೊಂಡ ಹೆಣ್ಣು.

ಗೆಳೆಯರ ಬಳಗ ದೊಡ್ಡದಾದಷ್ಟೂ ಈ ಏಳನೆಯವಳು ಇನ್ನೂ ಬೇಗ ಬೇಗ ಓಡುತ್ತಾಳೆ. ಆರು ಜನರಲ್ಲಿ ಮೊದಲ ಮದುವೆ 2014ಕ್ಕೆ ಆಗಿದ್ದರೆ, ಅರವತ್ತು ಜನರ ಕ್ಲಾಸ್ ಗ್ರೂಪಿನಲ್ಲಿ ಮೊದಲ ಮದುವೆ ಕೊನೆಯ ಸೆಮಿಸ್ಟರಿನಲ್ಲೇ ಆಗಿತ್ತು. ಇನ್ನೊಂದು ವಿಷಯ, ಸುದ್ದಿ ಅಂತ ಬರುವುದು ಆದದ್ದು ಮಾತ್ರ. "ಈ ವರ್ಷವೂ ನನಗೆ ಪ್ರಮೋಷನ್ ಆಗಲಿಲ್ಲ" ಅಂತ ಗ್ರೂಪಿನಲ್ಲಿ ಯಾರು ಹಾಕುತ್ತಾರೆ? ಆ ರಾತ್ರಿ ಎಣಿಸಿದರೆ ಆರು ಜನರಲ್ಲಿ ಮ್ಯಾನೇಜರ್ ಆಗಿರುವವರು ಇಬ್ಬರೇ. ಉಳಿದ ನಾಲ್ವರಲ್ಲಿ ನಾನೂ ಒಬ್ಬಳು. ಎಲ್ಲರೂ ಮುಂದೆ ಹೋಗಿ ನಾನೊಬ್ಬಳೇ ಉಳಿದೆ ಅನ್ನುವುದು ಆ ಕಾಲಂನ ಮಟ್ಟಿಗೆ ಸುಳ್ಳಾಗಿತ್ತು.

ಒಬ್ಬೊಬ್ಬರ ಸಾಲನ್ನು ಅಡ್ಡಲಾಗಿ ಓದಿದಾಗ ಇನ್ನೂ ಬೇರೆ ಕಂಡಿತು. ಗದಗಿನವಳಿಗೆ ಮಗು ಹುಟ್ಟಿದ ವರ್ಷವೇ ಕೆಲಸ ಬಿಟ್ಟಿದ್ದಳು. ಐದು ವರ್ಷದ ಮೇಲೆ ಮರಳಿ ಸೇರಿದಾಗ ಮೊದಲಿದ್ದ ಗ್ರೇಡಿಗಿಂತ ಒಂದು ಕೆಳಗೆ ಸೇರಿಸಿಕೊಂಡರು. ಮೊದಲು ಮ್ಯಾನೇಜರ್ ಆದ ಬೆಳಗಾವಿಯವಳು ಮದುವೆಯಾದದ್ದು 2022ರಲ್ಲಿ, ಅದೂ ನನ್ನ ಹಾಗೆ ಎಷ್ಟೋ ಮಾತು ಕೇಳಿಸಿಕೊಂಡು. ರಾಯಚೂರಿನವಳು 2015ರಲ್ಲೇ ಮದುವೆಯಾಗಿ 2018ಕ್ಕೆ ಒಬ್ಬಳೇ ಬಂದು ಕೋಥ್ರೂಡದಲ್ಲಿ ಬಾಡಿಗೆ ರೂಮು ಹಿಡಿದಳು. ಅವಳ ಮದುವೆಗೆ ಹೋಗಿ ಬಂದ ದಿನ ನಾನು ಅವ್ವನ ಹತ್ತಿರ "ನಂದೊಂದೇ ಉಳೀತು" ಅಂತ ಅತ್ತದ್ದು ನೆನಪಾಗಿ ತುಂಬಾ ಸಂಕಟವಾಯಿತು. ಇದರಿಂದ ನನ್ನ ನೋವು ಕಡಿಮೆಯಾಯಿತು ಅಂತ ಹೇಳುತ್ತಿಲ್ಲ. ಇನ್ನೊಬ್ಬರ ಕಷ್ಟ ನೋಡಿ ನಮ್ಮದನ್ನು ಹಗುರ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅಳತೆಗೋಲು ಸುಳ್ಳಾಗಿದ್ದದ್ದು ಮಾತ್ರ ಖರೆ.

ಈ ವಯಸ್ಸಿನ ಅಳತೆಗೋಲು ಎಲ್ಲಿಂದ ಬರುತ್ತದೆ ಅಂತ ಆಮೇಲೆ ಓದಿದೆ. ಅಮೆರಿಕದ ಬರ್ನೀಸ್ ನ್ಯೂಗಾರ್ಟನ್ ಎಂಬ ವಿದ್ವಾಂಸೆ ತಮ್ಮ ಸಹೋದ್ಯೋಗಿಗಳ ಜೊತೆ 1965ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅಲ್ಲಿನ ಮಧ್ಯಮ ವರ್ಗದವರನ್ನು ಹೆಣ್ಣಿನ ಮದುವೆಗೆ ತಕ್ಕ ವಯಸ್ಸು ಯಾವುದು ಅಂತ ಕೇಳಿದರೆ, ಬಹುಪಾಲು ಜನ 19ರಿಂದ 24 ಎಂದಿದ್ದರು. ಸಮಾಜ ನಮ್ಮೆಲ್ಲರ ತಲೆಯಲ್ಲಿ ಒಂದು ಗಡಿಯಾರ ಇಟ್ಟಿದೆ ಎಂಬ ಮಾತು ಇಂಥ ಕೆಲಸದಿಂದ ಬೆಳೆದದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಿದ್ದರು: ನಿಮ್ಮ ಅಭಿಪ್ರಾಯವೇನು, ಉಳಿದ ಜನರ ಅಭಿಪ್ರಾಯ ಏನಿರಬಹುದು? ತಮ್ಮ ವಿಷಯದಲ್ಲಿ ಜನ ಸಡಿಲವಾಗಿದ್ದರು, "ಉಳಿದವರು" ಮಾತ್ರ ಬಿಗಿ ಎಂದು ನಂಬಿದ್ದರು.

ಇದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅವ್ವ ಫೋನಿನಲ್ಲಿ, "ನನಗೇನೂ ಇಲ್ಲ ಬಿಡವಾ, ಮಂದಿ ಕೇಳ್ತಾರಲ್ಲ, ಅದಕ್ಕ ಹೇಳ್ದೆ" ಅನ್ನುತ್ತಾಳೆ. ಯಾವ ಮಂದಿ ಅಂದರೆ ಅತ್ತಿ ಕೇಳಿದಳು ಅನ್ನುತ್ತಾಳೆ. ಯುಗಾದಿಗೆ ಊರಿಗೆ ಹೋದಾಗ ಅತ್ತಿಯನ್ನೇ ಕೇಳಿದೆ. ಅವಳು ನನ್ನ ಕೈ ಹಿಡಿದು, "ನೀ ಆರಾಮ ಇದ್ರ ಸಾಕವಾ, ನಂದೇನೈತಿ. ನಿಮ್ಮವ್ವಗ ಭಾಳ ಚಿಂತಿ ಆಗೇದ, ಅದಕ್ಕ ಕೇಳೀನಿ" ಅಂದಳು. ಇಬ್ಬರೂ ನನ್ನ ಮೇಲೆ ಜೀವ ಇಟ್ಟವರು. ಇಬ್ಬರೂ ಇನ್ನೊಬ್ಬರ ಸಲುವಾಗಿ ನನ್ನನ್ನು ಕೇಳುತ್ತಿದ್ದಾರೆ. ಆವತ್ತು ಅವ್ವನನ್ನೂ ಅತ್ತಿಯನ್ನೂ ಎದುರಾಬದುರು ಕೂರಿಸಿ ಈ ಮಾತು ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಅಲ್ಲಿಂದೀಚೆಗೆ ಫೋನಿನಲ್ಲಿ "ಮಂದಿ" ಬಂದಿಲ್ಲ.

ಆದರೆ ಎಲ್ಲ ಗಡಿಯಾರವೂ ಮಂದಿಯದಲ್ಲ. ಹೆಣ್ಣಿನ ದೇಹಕ್ಕೆ ತನ್ನದೇ ಕಾಲವಿದೆ, ಸುಮಾರು ಮೂವತ್ತೈದರ ನಂತರ ಗರ್ಭ ಧರಿಸುವ ಸಾಧ್ಯತೆ ಬೇಗ ಇಳಿಯುತ್ತ ಹೋಗುತ್ತದೆ. "ವಯಸ್ಸು ಬರೀ ಅಂಕಿ" ಅನ್ನುವ ಗೆಳತಿಯರ ಸಮಾಧಾನ ಈ ಒಂದು ವಿಷಯದಲ್ಲಿ ನನಗೆ ಬೇಡವಾಗಿತ್ತು. ಹೋಗಿ ಡಾಕ್ಟರನ್ನು ಕಂಡೆ. ಎಎಂಎಚ್ ರಕ್ತ ಪರೀಕ್ಷೆ ಅಂಡಾಣುಗಳ ಸಂಗ್ರಹ ಎಷ್ಟಿದೆ ಅನ್ನುವ ಅಂದಾಜು ಕೊಡುತ್ತದೆಯೇ ಹೊರತು, ಸಹಜವಾಗಿ ಮಗು ಆಗುತ್ತದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ ಅಂತ ಅವರು ಬಿಡಿಸಿ ಹೇಳಿದರು. ದತ್ತು ನಿಯಮವನ್ನೂ ಓದಿಕೊಂಡೆ: 2022ರ ನಿಯಮಾವಳಿಯಂತೆ ಒಂಟಿ ಹೆಣ್ಣು ಎರಡು ವರ್ಷದೊಳಗಿನ ಮಗುವನ್ನು ದತ್ತು ಪಡೆಯಲು ವಯಸ್ಸಿನ ಮಿತಿ 40. ನನಗೆ ಇನ್ನೂ ಐದು ವರ್ಷ ಇದೆ. ನಿಜವಾದ ಗಡುವು ಯಾವುದು ಅಂತ ಗೊತ್ತಾದದ್ದರಿಂದ ನನಗೆ ಭಯ ಹೆಚ್ಚಾಗಲಿಲ್ಲ, ಕಡಿಮೆಯಾಯಿತು.

ಪ್ರಮೋಷನ್ನಿನ ಕಥೆ ಬೇರೆ. ಅದಕ್ಕೂ ಒಂದು ಲೆಕ್ಕ ಇದೆ, ಅದನ್ನು ನಾನು ಏಳು ವರ್ಷ ನೋಡಿರಲೇ ಇಲ್ಲ. 2018ರಲ್ಲಿ ಕಂಪನಿ ಬದಲಿಸಿದೆ. ಸೆಪ್ಟೆಂಬರ್ 24ಕ್ಕೆ ಸೇರಬೇಕಿತ್ತು. ಅಪ್ಪನಿಗೆ ಬೈಪಾಸ್ ಆಯಿತು, ನವೆಂಬರ್ 5ಕ್ಕೆ ಸೇರಿದೆ. ಅಲ್ಲಿ ಅಕ್ಟೋಬರ್ 1ರ ನಂತರ ಸೇರಿದವರನ್ನು ಮುಂದಿನ ಏಪ್ರಿಲ್‌ನ ಅಪ್ರೈಸಲ್‌ಗೆ ತೆಗೆದುಕೊಳ್ಳುವುದಿಲ್ಲ. ಮೇಲಿನ ಹುದ್ದೆಗೆ ಹೆಸರು ಹೋಗಬೇಕಾದರೆ ಎರಡು ವರ್ಷದ ರೇಟಿಂಗ್ ಬೇಕು. ಸಮಯಕ್ಕೆ ಸೇರಿದ್ದರೆ 2019 ಮತ್ತು 2020ರ ರೇಟಿಂಗ್ ಸಿಕ್ಕು 2020ರಲ್ಲೇ ನನ್ನ ಹೆಸರು ಪಟ್ಟಿಗೆ ಬರಬಹುದಿತ್ತು. ಆರು ವಾರ ತಡವಾದದ್ದಕ್ಕೆ ಅದು 2021ಕ್ಕೆ ಹೋಯಿತು. 2021ರ ಫೆಬ್ರವರಿಯಲ್ಲಿ ನಮ್ಮ ಪ್ರಾಜೆಕ್ಟೇ ಮುಚ್ಚಿತು. ಹೊಸ ತಂಡದ ಮ್ಯಾನೇಜರಿಗೆ ನನ್ನ ಕೆಲಸವೇ ಗೊತ್ತಿರಲಿಲ್ಲ, ಅವರು ಪರವಾಗಿ ಏನು ಮಾತಾಡಿಯಾರು? ಇದನ್ನೆಲ್ಲ ಪೋರ್ಟಲಿನಲ್ಲಿ ನನ್ನದೇ ಹಳೆಯ ದಾಖಲೆ ತೆಗೆದು ನೋಡಿದಾಗ ತಿಳಿದೆ. ಅಷ್ಟು ವರ್ಷ ನಾನು ನನಗೆ ಹೇಳಿಕೊಂಡದ್ದು ಒಂದೇ ಮಾತು, ನನ್ನಲ್ಲಿ ಏನೋ ಕೊರತೆ ಇದೆ ಅಂತ. ಅಪ್ಪನ ಪಕ್ಕ ಕೂತಿದ್ದ ಆ ಆರು ವಾರ ನನಗೆ ಮತ್ತೆ ಬಂದರೂ ನಾನು ಅಲ್ಲೇ ಕೂತಿರುತ್ತೇನೆ. ಈ ಸಲ ಮಾತ್ರ ಏಪ್ರಿಲ್‌ಗೆ ಕಾಯದೆ, ಖಾಲಿ ಹುದ್ದೆ ಎಷ್ಟು, ನನಗೆ ಇನ್ನೇನು ಬೇಕು ಅಂತ ಮೇಲ್ ಹಾಕಿ ಲಿಖಿತ ಉತ್ತರ ತರಿಸಿಕೊಂಡಿದ್ದೇನೆ.

ಆದರೆ ಇದ್ಯಾವುದೂ ತೊಟ್ಟಿಲಿನ ದಿನದ ಅಳುವಿಗೆ ಉತ್ತರವಲ್ಲ. ಅದು ಸಿಕ್ಕಿದ್ದು ಡಿಸೆಂಬರಿನ ಒಂದು ರಾತ್ರಿ. ಹನ್ನೊಂದೂವರೆಗೆ ಶಿರಸಿಯವಳ ಫೋನು. ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು, ನಿದ್ದೆ ಇಲ್ಲ. ನಲವತ್ತು ನಿಮಿಷ ಏನೇನೋ ಮಾತಾಡಿದೆವು. ಫೋನಿಟ್ಟ ಮೇಲೆ ನೋಡಿಕೊಂಡರೆ ಎದೆಯಲ್ಲಿದ್ದ ಭಾರ ಇರಲಿಲ್ಲ. ಅವಳ ಮಗು ಅವಳ ಹತ್ತಿರವೇ ಇತ್ತು, ನನ್ನ ಮದುವೆ ಇನ್ನೂ ಆಗಿರಲಿಲ್ಲ, ಏನೂ ಬದಲಾಗಿರಲಿಲ್ಲ. ಅವಳು ಸಿಕ್ಕಿದ್ದಳು, ಅಷ್ಟೇ. ಬೆಳಗಾವಿಯವಳು ಮ್ಯಾನೇಜರ್ ಆದಾಗ ಊಟಕ್ಕೆ ಕರೆದುಕೊಂಡು ಹೋಗಿದ್ದಳು, ಅವಳ ಎದುರೇ ಕೂತಾಗ ನೋವು ಹೆಚ್ಚಾಗಿತ್ತು. ಅದು ಹೊಟ್ಟೆಕಿಚ್ಚು, ಒಪ್ಪುತ್ತೇನೆ. ಇದು ಅದಲ್ಲ. ಗೆಳತಿ ಹತ್ತಿರ ಬಂದರೆ ಹೆಚ್ಚಾಗುವ ನೋವೇ ಬೇರೆ, ಹತ್ತಿರ ಬಂದರೆ ಇಳಿಯುವ ನೋವೇ ಬೇರೆ. ಎರಡನ್ನೂ ನಾನು "ಹಿಂದೆ ಬಿದ್ದೆ" ಅಂತ ಒಂದೇ ಹೆಸರಿಂದ ಕರೆಯುತ್ತಿದ್ದೆ.

2013ರಿಂದ ನಾಲ್ಕೈದು ವರ್ಷ ನಾವು ಮಳೆಗಾಲದಲ್ಲಿ ಸಿಂಹಗಡ ಹತ್ತದ ತಿಂಗಳಿಲ್ಲ. ನಸುಕಿನಲ್ಲಿ ಹೊರಟು, ಮೇಲೆ ಹೋಗಿ ಝುಣಕ ಭಾಕರಿ, ಮಡಕೆಯ ಮೊಸರು ತಿಂದು ಇಳಿಯುತ್ತಿದ್ದೆವು. ಆರು ಜನ ಐದಾದೆವು, ಮೂರಾದೆವು, ಆಮೇಲೆ ನಿಂತೇ ಹೋಯಿತು. ಅದು ನಿಂತಿತು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಅಳುತ್ತಿದ್ದದ್ದು ಅದಕ್ಕೆ.

ಶಿರಸಿಯವಳಿಗೆ ಇದನ್ನು ಹಾಗೇ ಹೇಳಿದೆ. ಅವಳು ಆ ಕಡೆಯಿಂದ ಬಿಕ್ಕಿದಳು. "ನೀನು ಫ್ರೀ ಇದೀಯ, ಆರಾಮಾಗಿ ಇದೀಯ, ಈ ಮಗು ಮಾತು ನಿಂಗ್ಯಾಕೆ ಅಂತ ನಾನೇ ಫೋನ್ ಮಾಡ್ತಿರ್ಲಿಲ್ಲ ಮಾರಾಯ್ತಿ" ಅಂದಳು. ಈಗ ಭಾನುವಾರ ಬೆಳಿಗ್ಗೆ ಏಳಕ್ಕೆ ಅವಳ ಮನೆಗೆ ಹೋಗುತ್ತೇನೆ. ಮಗು ಹಾಲು ಕುಡಿದು ಒಂಬತ್ತರವರೆಗೆ ಮಲಗುತ್ತಾಳೆ. ಅವಳು ತಂಬುಳಿಗೆ ಒಂದೆಲಗ ರುಬ್ಬುತ್ತಾಳೆ, ನಾನು ಒಲೆ ಮುಂದೆ ನಿಂತು ಕಷಾಯ ಕುದಿಸುತ್ತೇನೆ. ಹೋದ ವಾರ ಮಗು ಎದ್ದು, ನನ್ನ ಓಢಣಿ ಹಿಡಿದು, ಮೊದಲ ಸಲ ತಾನಾಗಿ ನಿಂತಳು.